ಘಟಕ ಪರೀಕ್ಷೆಯ ನೀಲನಕ್ಷೆ: ಇಪ್ಪತ್ತು ಅಂಕಗಳನ್ನು ಹಂಚುವ ಬಗೆ

ಪ್ರಶ್ನೆಪತ್ರಿಕೆಯನ್ನು ಮೊದಲು ಬರೆದು, ಆಮೇಲೆ ಕಡತಕ್ಕೆ ಬೇಕೆಂಬ ಕಾರಣಕ್ಕೆ ಅದಕ್ಕೆ ಹೊಂದುವಂತೆ ನೀಲನಕ್ಷೆಯನ್ನು ತುಂಬಿಸುವುದು ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ಹೊಸ ಸಂಗತಿಯಲ್ಲ. ನಾನೂ ಕೆಲವು ವರ್ಷ ಹಾಗೆಯೇ ಮಾಡಿದವನು. ಒಮ್ಮೆ ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಘಟಕಕ್ಕೆ ನಾನೇ ತೆಗೆದಿದ್ದ ಹಳೆಯ ಪತ್ರಿಕೆಯನ್ನು ಮುಂದಿಟ್ಟುಕೊಂಡು ಒಂದೊಂದು ಪ್ರಶ್ನೆಯೂ ಯಾವ ವಿಷಯಾಂಶಕ್ಕೆ ಸೇರುತ್ತದೆ, ಮಗುವಿನಿಂದ ಏನನ್ನು ಬೇಡುತ್ತದೆ ಎಂದು ಪ್ರಾಮಾಣಿಕವಾಗಿ ಎಣಿಸಿದಾಗ, ಇಪ್ಪತ್ತರಲ್ಲಿ ಒಂಬತ್ತು ಅಂಕಗಳು ಓಮ್‌ನ ನಿಯಮವೊಂದಕ್ಕೇ ಹೋಗಿದ್ದವು, ಹನ್ನೆರಡು ಅಂಕಗಳು ಬರೀ ನೆನಪಿನಿಂದ ಬರೆಯಬಹುದಾದವು, ವಿದ್ಯುತ್ತಿನ ಉಷ್ಣ ಪರಿಣಾಮದ ಮೇಲೆ ಒಂದು ಪ್ರಶ್ನೆಯೂ ಇರಲಿಲ್ಲ. ಕಡತದಲ್ಲಿದ್ದ ನೀಲನಕ್ಷೆ ಮಾತ್ರ ಎಲ್ಲವೂ ಸರಿಯಾಗಿದೆ ಎನ್ನುತ್ತಿತ್ತು.

ಅದೇ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಪ್ಪತ್ತು ಅಂಕಗಳ, ನಲವತ್ತು ನಿಮಿಷಗಳ ಒಂದು ಪರೀಕ್ಷೆಗೆ ನೀಲನಕ್ಷೆಯನ್ನು ಪ್ರಶ್ನೆ ಬರೆಯುವ ಮೊದಲೇ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ವಿಷಯ ಯಾವುದಾದರೂ ಕ್ರಮ ಇದೇ. ಅಂಕಿಗಳು ಮಾತ್ರ ಬದಲಾಗುತ್ತವೆ.

ವಿಷಯಾಂಶಗಳಿಗೆ ಅಂಕ

ಮೊದಲು ಘಟಕವನ್ನು ನಾಲ್ಕೈದು ವಿಷಯಾಂಶಗಳಾಗಿ ಒಡೆಯಬೇಕು. ಪಠ್ಯಪುಸ್ತಕದ ಪ್ರತಿಯೊಂದು ಉಪಶೀರ್ಷಿಕೆಯನ್ನೂ ಒಂದೊಂದು ಸಾಲಾಗಿ ಬರೆದರೆ ಹತ್ತು ಸಾಲುಗಳಾಗಿ, ಕೆಲವು ಸಾಲುಗಳಿಗೆ ಒಂದು ಅಂಕವೂ ಸಿಗುವುದಿಲ್ಲ. ಆದ್ದರಿಂದ ಒಟ್ಟಿಗೆ ಕಲಿಸುವುದನ್ನು ಒಟ್ಟಿಗೆ ಇಡುವುದು ಒಳ್ಳೆಯದು. ನಮ್ಮ ಘಟಕದಲ್ಲಿ ನಾಲ್ಕು ಸಾಲುಗಳು ಸಾಕು: ವಿದ್ಯುತ್ ಪ್ರವಾಹ ಮತ್ತು ವಿಭವಾಂತರ, ಓಮ್‌ನ ನಿಯಮ ಮತ್ತು ರೋಧ, ರೋಧಕಗಳ ಸರಣಿ ಹಾಗೂ ಸಮಾಂತರ ಜೋಡಣೆ, ಉಷ್ಣ ಪರಿಣಾಮ ಮತ್ತು ವಿದ್ಯುತ್ ಸಾಮರ್ಥ್ಯ.

ಪ್ರತಿ ಸಾಲಿನ ಮುಂದೆ ಘಟಕ ಯೋಜನೆಯಲ್ಲಿ ಅದಕ್ಕೆ ನಿಗದಿಪಡಿಸಿದ ಅವಧಿಗಳನ್ನು ಬರೆಯಿರಿ. ನನ್ನ ಯೋಜನೆಯಲ್ಲಿ ಅವು ಕ್ರಮವಾಗಿ 3, 3, 4, 2, ಒಟ್ಟು 12. ಒಂದು ವಿಷಯಾಂಶದ ಅವಧಿಗಳನ್ನು 12ರಿಂದ ಭಾಗಿಸಿ 20ರಿಂದ ಗುಣಿಸಿದರೆ ಅದರ ಪಾಲು ಬರುತ್ತದೆ: 5, 5, 6.67, 3.33. ಅರ್ಧಕ್ಕಿಂತ ಹೆಚ್ಚಿನ ಭಿನ್ನಾಂಶವನ್ನು ಮೇಲಕ್ಕೂ ಕಡಿಮೆಯದನ್ನು ಕೆಳಕ್ಕೂ ತಂದರೆ 5, 5, 7, 3 ಆಗಿ, ಇಪ್ಪತ್ತಕ್ಕೆ ಸರಿಹೊಂದುತ್ತದೆ. ಎಲ್ಲ ಘಟಕಗಳಲ್ಲೂ ಇಷ್ಟು ಸಲೀಸಾಗಿ ಕೂಡುವುದಿಲ್ಲ. ಒಂದು ಅಂಕ ಹೆಚ್ಚಾಗಿ ಉಳಿದರೆ, ಮುಂದಿನ ಘಟಕಕ್ಕೆ ಯಾವ ವಿಷಯಾಂಶ ಆಧಾರವಾಗುತ್ತದೆಯೋ ಅದಕ್ಕೆ ನಾನು ಕೊಡುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಯೋಜಿಸಿದ ಅವಧಿಗಳನ್ನೇ ಹೊರತು ವಾಸ್ತವವಾಗಿ ಖರ್ಚಾದ ಅವಧಿಗಳನ್ನಲ್ಲ. ಸಮಾಂತರ ಜೋಡಣೆಯಲ್ಲಿ ಮಕ್ಕಳು ಭಿನ್ನರಾಶಿ ಕೂಡಲು ಬಾರದೆ ಎಡವಿದ್ದರಿಂದ ನನಗೆ ನಾಲ್ಕರ ಬದಲು ಆರು ಅವಧಿಗಳು ಹಿಡಿದವು. ಆರನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಆ ವಿಷಯಾಂಶಕ್ಕೆ ಒಂಬತ್ತು ಅಂಕಗಳ ಹತ್ತಿರ ಹೋಗುತ್ತದೆ. ಆದರೆ ಹೆಚ್ಚುವರಿಯಾದ ಆ ಎರಡು ಅವಧಿಗಳು ಹೇಳುವುದು ವಿಷಯದ ತೂಕವನ್ನಲ್ಲ, ಮಕ್ಕಳ ಗಣಿತದ ಕೊರತೆಯನ್ನು. ಅದೇ ರೀತಿ, ರಜೆಗಳಿಂದಾಗಿ ಕೊನೆಯ ಭಾಗವನ್ನು ಒಂದೇ ಅವಧಿಯಲ್ಲಿ ಓಡಿಸಿದ್ದರೆ ಅದರ ಅಂಕವನ್ನು ಕಡಿತಗೊಳಿಸುವುದಕ್ಕಿಂತ ಪರೀಕ್ಷೆಯನ್ನೇ ಮೂರು ದಿನ ಮುಂದೂಡಿ ಪಾಠವನ್ನು ಪೂರ್ಣಗೊಳಿಸುವುದು ನ್ಯಾಯ.

ಚಿಂತನೆಯ ಮಟ್ಟಗಳಿಗೆ ಅಂಕ

ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಆರು ಹಂತಗಳಿದ್ದವು. 2001ರ ಪರಿಷ್ಕೃತ ರೂಪದಲ್ಲಿಯೂ ಹಂತಗಳು ಆರೇ. ಇಪ್ಪತ್ತು ಅಂಕಗಳನ್ನು ಆರು ಕಂಬಸಾಲುಗಳಿಗೆ ಹಂಚಲು ಹೊರಟರೆ ಪ್ರತಿಯೊಂದಕ್ಕೂ ಚೂರುಪಾರು ಮಾತ್ರ ಸಿಗುವುದರಿಂದ, ಘಟಕ ಪರೀಕ್ಷೆಗೆ ನಮಗೆ ಬಿ.ಎಡ್. ದಿನಗಳಿಂದಲೂ ಪರಿಚಿತವಾಗಿರುವ ನಾಲ್ಕು ಉದ್ದಿಷ್ಟಗಳು ಸಾಕೆಂಬುದು ನನ್ನ ಅಭಿಪ್ರಾಯ: ಸ್ಮರಣೆ, ತಿಳುವಳಿಕೆ, ಅನ್ವಯ, ಕೌಶಲ. ವಿಜ್ಞಾನದಲ್ಲಿ ಕೌಶಲವೆಂದರೆ ಬರವಣಿಗೆಯ ಪರೀಕ್ಷೆಯ ಮಟ್ಟಿಗೆ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದು, ನಕ್ಷೆ ಎಳೆಯುವುದು ಇತ್ಯಾದಿ.

ಈ ಘಟಕಕ್ಕೆ ನಾನು ಸ್ಮರಣೆಗೆ 4, ತಿಳುವಳಿಕೆಗೆ 8, ಅನ್ವಯಕ್ಕೆ 6, ಕೌಶಲಕ್ಕೆ 2 ಅಂಕಗಳನ್ನು ಇಟ್ಟಿದ್ದೇನೆ. ಇದು ಎಲ್ಲ ಘಟಕಗಳಿಗೂ ಒಪ್ಪುವ ಪ್ರಮಾಣವಲ್ಲ. ಲೆಕ್ಕಗಳು ಹೆಚ್ಚಿರುವ ಘಟಕವಾದ್ದರಿಂದ ಅನ್ವಯಕ್ಕೆ ಆರು ಸಿಕ್ಕಿದೆ. ಜೀವಕ್ರಿಯೆಗಳಂತಹ ಘಟಕದಲ್ಲಿ ಅದರಲ್ಲಿ ಒಂದೆರಡನ್ನು ಕೌಶಲಕ್ಕೆ ವರ್ಗಾಯಿಸಬೇಕಾಗುತ್ತದೆ. ಶಾಲೆಯಲ್ಲಿ ಅಥವಾ ಪರೀಕ್ಷಾ ಮಂಡಲಿಯಿಂದ ನಿಗದಿತ ಶೇಕಡಾವಾರು ಇದ್ದರೆ ಅದನ್ನೇ ಅನುಸರಿಸಿ. ಅದನ್ನು ಒಂದು ಘಟಕದ ಮಟ್ಟಿಗೆ ಒಂದೆರಡು ಅಂಕ ಆಚೀಚೆ ಮಾಡಿದರೆ ತೊಂದರೆಯಿಲ್ಲ, ಆದರೆ ಮಾಡಿದ್ದಕ್ಕೆ ಕಾರಣವನ್ನು ನೀಲನಕ್ಷೆಯ ಕೆಳಗೆ ಒಂದು ಸಾಲಿನಲ್ಲಿ ಬರೆದಿಡಿ.

ಪ್ರಶ್ನೆಗಳ ಸ್ವರೂಪ ಮತ್ತು ಸಮಯ

ಬಹು ಆಯ್ಕೆಯ ಒಂದು ಅಂಕದ ಪ್ರಶ್ನೆಗಳು ನಾಲ್ಕು, ಒಂದು ವಾಕ್ಯದಲ್ಲಿ ಉತ್ತರಿಸುವ ಒಂದು ಅಂಕದವು ಎರಡು, ಎರಡು ಅಂಕದವು ನಾಲ್ಕು, ಮೂರು ಅಂಕದವು ಎರಡು. ಒಟ್ಟು ಹನ್ನೆರಡು ಪ್ರಶ್ನೆಗಳು, ಇಪ್ಪತ್ತು ಅಂಕಗಳು. ಇದು ನಲವತ್ತು ನಿಮಿಷಗಳ ಅವಧಿಯಲ್ಲಿ ಮುಗಿಯುತ್ತದೆಯೇ ಎಂಬುದನ್ನು ಈಗಲೇ ನೋಡಬೇಕು. ಬಹು ಆಯ್ಕೆಗೆ ಒಂದು ನಿಮಿಷ, ಒಂದು ವಾಕ್ಯದ ಉತ್ತರಕ್ಕೆ ಒಂದೂವರೆ, ಎರಡು ಅಂಕಕ್ಕೆ ಮೂರೂವರೆ, ಮೂರು ಅಂಕಕ್ಕೆ ಆರು ನಿಮಿಷ ಎಂದು ಹಿಡಿದರೆ 4, 3, 14, 12 ಸೇರಿ 33 ನಿಮಿಷಗಳಾಗುತ್ತವೆ. ಪತ್ರಿಕೆ ಓದಲು, ಕೊನೆಯಲ್ಲಿ ಒಮ್ಮೆ ಕಣ್ಣಾಡಿಸಲು ಐದು ನಿಮಿಷ ಸೇರಿಸಿದರೆ 38. ಇನ್ನೊಂದು ಮೂರು ಅಂಕದ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ. ಸಮಯ ಸಾಲದ ಪತ್ರಿಕೆಯಲ್ಲಿ ಕೊನೆಯ ಪ್ರಶ್ನೆಗಳು ಖಾಲಿ ಉಳಿಯುತ್ತವೆ. ದೊಡ್ಡ ಪ್ರಶ್ನೆಗಳು ಸಾಮಾನ್ಯವಾಗಿ ಕೊನೆಗೇ ಇರುವುದರಿಂದ, ನೀವು ಅಷ್ಟು ಎಚ್ಚರಿಕೆಯಿಂದ ಅನ್ವಯಕ್ಕೆ ಇಟ್ಟ ಅಂಕಗಳು ಬರೆಯುವ ವೇಗಕ್ಕೆ ಸಿಗುವ ಅಂಕಗಳಾಗಿಬಿಡುತ್ತವೆ.

ಚೌಕಗಳನ್ನು ತುಂಬುವುದು

ಈಗ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಕೋಷ್ಟಕವನ್ನು ಎಳೆದು, ಅಂಚಿನಲ್ಲಿ ಸಾಲುಗಳ ಮೊತ್ತಗಳನ್ನು (5, 5, 7, 3) ಮತ್ತು ಕಂಬಸಾಲುಗಳ ಮೊತ್ತಗಳನ್ನು (4, 8, 6, 2) ಮೊದಲೇ ಬರೆದುಕೊಳ್ಳಿ. ಒಳಗಿನ ಹದಿನಾರು ಚೌಕಗಳು ಖಾಲಿ ಇರಲಿ. ಪೆನ್ನು ಬೇಡ, ಪೆನ್ಸಿಲ್ ಹಿಡಿಯಿರಿ. ಒಂದೇ ಸಲಕ್ಕೆ ಇದು ಕೂಡಿದ್ದನ್ನು ನಾನು ಕಂಡಿಲ್ಲ.

ದೊಡ್ಡ ಪ್ರಶ್ನೆಗಳನ್ನು ಮೊದಲು ಕೂರಿಸಬೇಕು, ಒಂದು ಅಂಕದವನ್ನು ಕೊನೆಯಲ್ಲಿ. ಒಂದು ಅಂಕದವು ಎಲ್ಲಿ ಬೇಕಾದರೂ ನುಸುಳುತ್ತವೆ, ಮೂರು ಅಂಕದವು ನುಸುಳುವುದಿಲ್ಲ. ನನ್ನ ಮೊದಲ ಪ್ರಯತ್ನದಲ್ಲಿ ಮೂರು ಅಂಕದ ಎರಡೂ ಪ್ರಶ್ನೆಗಳನ್ನು ಅನ್ವಯದ ಕಂಬಸಾಲಿಗೆ ಹಾಕಿದೆ, ಒಂದು ಓಮ್‌ನ ನಿಯಮದ ಲೆಕ್ಕ, ಇನ್ನೊಂದು ರೋಧಕಗಳ ಜೋಡಣೆಯ ಲೆಕ್ಕ. ಅನ್ವಯದ ಆರು ಅಂಕಗಳು ಅಲ್ಲಿಗೇ ತೀರಿದವು. ಉಳಿದ ಚೌಕಗಳನ್ನು ತುಂಬಿದಾಗ ಸಾಲುಗಳೂ ಕಂಬಸಾಲುಗಳೂ ಸರಿಯಾಗಿಯೇ ಕೂಡಿದವು. ಆದರೆ ವಿದ್ಯುತ್ ಸಾಮರ್ಥ್ಯದ ಸಾಲಿನಲ್ಲಿ ಅನ್ವಯಕ್ಕೆ ಏನೂ ಉಳಿದಿರಲಿಲ್ಲ, ಅಂದರೆ ಮನೆಯ ಕರೆಂಟ್ ಬಿಲ್ಲಿನ ಯೂನಿಟ್‌ಗಳನ್ನು ಲೆಕ್ಕ ಹಾಕಲು ಮಗುವಿಗೆ ಬರುತ್ತದೆಯೇ ಎಂದು ಕೇಳಲು ಅವಕಾಶವೇ ಇರಲಿಲ್ಲ. ಆ ಭಾಗವನ್ನು ಕಲಿಸುವುದೇ ಮುಖ್ಯವಾಗಿ ಅದಕ್ಕಾಗಿ. ಮೊತ್ತಗಳು ಸರಿಹೊಂದಿದ ಮಾತ್ರಕ್ಕೆ ನೀಲನಕ್ಷೆ ಸರಿಯಾಯಿತೆಂದು ತಿಳಿಯಬಾರದು. ಪ್ರತಿ ಸಾಲಿನ ಕಲಿಕಾ ಫಲವನ್ನು ಪಕ್ಕದಲ್ಲಿಟ್ಟುಕೊಂಡು, ಅದನ್ನು ಅಳೆಯಲು ತಕ್ಕ ಚೌಕ ತುಂಬಿದೆಯೇ ಎಂದು ನೋಡಬೇಕು. ಓಮ್‌ನ ನಿಯಮದ ಮೂರು ಅಂಕವನ್ನು ತಿಳುವಳಿಕೆಗೆ ಸರಿಸಿದ ಮೇಲೆ ಕೋಷ್ಟಕ ಹೀಗಾಯಿತು. ಪ್ರತಿ ಅಂಕಿಯೂ ಒಂದು ಪ್ರಶ್ನೆಯ ಅಂಕವನ್ನು ಸೂಚಿಸುತ್ತದೆ.

| ವಿಷಯಾಂಶ | ಸ್ಮರಣೆ | ತಿಳುವಳಿಕೆ | ಅನ್ವಯ | ಕೌಶಲ | ಒಟ್ಟು |
|---|---|---|---|---|---|
| ವಿದ್ಯುತ್ ಪ್ರವಾಹ, ವಿಭವಾಂತರ | 1, 1 | 2, 1 | – | – | 5 |
| ಓಮ್‌ನ ನಿಯಮ, ರೋಧ | 1 | 3 | 1 | – | 5 |
| ಸರಣಿ, ಸಮಾಂತರ ಜೋಡಣೆ | – | 2 | 3 | 2 | 7 |
| ಉಷ್ಣ ಪರಿಣಾಮ, ಸಾಮರ್ಥ್ಯ | 1 | – | 2 | – | 3 |
| ಒಟ್ಟು | 4 | 8 | 6 | 2 | 20 |

ಆರು ಚೌಕಗಳು ಖಾಲಿ ಉಳಿದಿವೆ, ಉಳಿಯಲಿ. ಎಲ್ಲ ಚೌಕಗಳಲ್ಲೂ ಏನಾದರೂ ಇರಬೇಕೆಂಬ ಹಟಕ್ಕೆ ಬಿದ್ದರೆ ಪತ್ರಿಕೆಯೆಲ್ಲ ಒಂದು ಅಂಕದ ಪ್ರಶ್ನೆಗಳಿಂದ ತುಂಬಿಹೋಗುತ್ತದೆ.

ಪ್ರಶ್ನೆ ಬರೆಯುವಾಗ ಮಟ್ಟ ಜಾರುವುದು

ನೀಲನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದು ಕೆಡುವುದು ಇಲ್ಲಿಯೇ. ಒಂದು ಪ್ರಶ್ನೆಯ ಮಟ್ಟವನ್ನು ನಿರ್ಧರಿಸುವುದು ಅದರಲ್ಲಿರುವ ಕ್ರಿಯಾಪದವಲ್ಲ, ತರಗತಿಯಲ್ಲಿ ಅದಕ್ಕೂ ಮೊದಲು ನಡೆದ ಪಾಠ. ‘ವಿವರಿಸಿ’ ಎಂದ ಕೂಡಲೇ ತಿಳುವಳಿಕೆ, ‘ಲೆಕ್ಕ ಹಾಕಿ’ ಎಂದ ಕೂಡಲೇ ಅನ್ವಯ ಎಂದು ಗುರುತು ಹಾಕುವ ಅಭ್ಯಾಸ ನಮ್ಮಲ್ಲಿದೆ. ಕಪ್ಪುಹಲಗೆಯ ಮೇಲೆ ಬರೆಸಿದ ವಿವರಣೆಯನ್ನೇ ಮತ್ತೆ ಬರೆಯಲು ಕೇಳಿದರೆ ಅದು ಸ್ಮರಣೆ.

ಮೂರು ಅಂಕದ ಅನ್ವಯದ ಪ್ರಶ್ನೆಯನ್ನು ನೋಡೋಣ. 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ, ಆ ಜೋಡಣೆಯನ್ನು 4 ಓಮ್ ರೋಧಕದೊಂದಿಗೆ ಸರಣಿಯಲ್ಲಿ 12 ವೋಲ್ಟ್ ಬ್ಯಾಟರಿಗೆ ಸಂಪರ್ಕಿಸಿದೆ. ಬ್ಯಾಟರಿಯಿಂದ ಹರಿಯುವ ಪ್ರವಾಹವೆಷ್ಟು? ಸಮಾಂತರ ಭಾಗದ ರೋಧ 2 ಓಮ್, ಒಟ್ಟು 6 ಓಮ್, ಪ್ರವಾಹ 2 ಆಂಪಿಯರ್. ತರಗತಿಯಲ್ಲಿ ಸರಣಿಯ ಲೆಕ್ಕಗಳನ್ನೂ ಸಮಾಂತರದ ಲೆಕ್ಕಗಳನ್ನೂ ಬೇರೆ ಬೇರೆಯಾಗಿ ಮಾಡಿಸಿ, ಎರಡೂ ಕೂಡಿದ ಜೋಡಣೆಯನ್ನು ಒಂದೆರಡು ಬಾರಿ ಬೇರೆ ರೂಪದಲ್ಲಿ ತೋರಿಸಿದ್ದರೆ ಇದು ನಿಜವಾಗಿಯೂ ಅನ್ವಯ. ಹಿಂದಿನ ವಾರ ಇದೇ ಚಿತ್ರವನ್ನು ಬೇರೆ ಅಂಕಿಗಳೊಂದಿಗೆ ಮೂರು ಸಲ ಮಾಡಿಸಿದ್ದರೆ ಮಕ್ಕಳು ಹಂತಗಳನ್ನು ನೆನಪಿಟ್ಟುಕೊಂಡಿರುತ್ತಾರೆ, ಅದನ್ನು ಅನ್ವಯದ ಚೌಕದಲ್ಲಿ ಎಣಿಸುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಪಠ್ಯಪುಸ್ತಕದ ಅಭ್ಯಾಸದಿಂದ ನೇರವಾಗಿ ಎತ್ತಿದ ಲೆಕ್ಕಗಳಿಗೂ ಇದೇ ಮಾತು.

ಓಮ್‌ನ ನಿಯಮದ ಮೂರು ಅಂಕದ ಪ್ರಶ್ನೆಗೆ ನಾನು ಎರಡು ತಂತಿಗಳ ನಕ್ಷೆಯನ್ನು ಕೊಟ್ಟೆ: ಲಂಬ ಅಕ್ಷದಲ್ಲಿ ವಿಭವಾಂತರ, ಅಡ್ಡ ಅಕ್ಷದಲ್ಲಿ ಪ್ರವಾಹ, ಮೂಲಬಿಂದುವಿನಿಂದ ಹೊರಟ ಎರಡು ಸರಳರೇಖೆಗಳು. ಯಾವ ತಂತಿಯ ರೋಧ ಹೆಚ್ಚು, ಹೇಗೆ ತಿಳಿಯಿತು ಎಂಬುದು ಪ್ರಶ್ನೆ. ರೇಖೆಯ ಇಳಿಜಾರು ರೋಧವನ್ನು ಸೂಚಿಸುತ್ತದೆಂದು ಅರ್ಥವಾದವರಿಗೆ ಕಡಿದಾದ ರೇಖೆಯೇ ಉತ್ತರ. ಪಠ್ಯಪುಸ್ತಕದಲ್ಲಿರುವ ನಕ್ಷೆಯ ಅಕ್ಷಗಳೂ ಹೀಗೆಯೇ ಇರುವುದರಿಂದ ಇದು ತಿಳುವಳಿಕೆಯ ಮಟ್ಟದಲ್ಲಿ ನಿಲ್ಲುತ್ತದೆ. ಅಕ್ಷಗಳನ್ನು ಅದಲುಬದಲು ಮಾಡಿಬಿಟ್ಟರೆ ಉತ್ತರವೂ ತಲೆಕೆಳಗಾಗುತ್ತದೆ, ಮಗು ತಾನೇ ಯೋಚಿಸಿ ಹೊಸ ಸನ್ನಿವೇಶಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ, ಪ್ರಶ್ನೆ ಅನ್ವಯಕ್ಕೆ ಏರುತ್ತದೆ. ಚಿತ್ರದಲ್ಲಿನ ಅಷ್ಟು ಸಣ್ಣ ಬದಲಾವಣೆ ಮೂರು ಅಂಕಗಳನ್ನು ಒಂದು ಕಂಬಸಾಲಿನಿಂದ ಇನ್ನೊಂದಕ್ಕೆ ಕೊಂಡೊಯ್ಯುತ್ತದೆ.

ಚಿಂತನೆಯ ಮಟ್ಟವೂ ಕಠಿಣತೆಯೂ ಒಂದೇ ಅಲ್ಲವೆಂಬುದನ್ನು ಕೂಡ ಇಲ್ಲಿಯೇ ಹೇಳಬೇಕು. ರೋಧಶೀಲತೆಯ ಕೋಷ್ಟಕದಲ್ಲಿ ನೈಕ್ರೋಮ್‌ನ ಮುಂದಿರುವ ಅಂಕಿಯನ್ನು ಕೇಳಿದರೆ ಅದು ಬರೀ ಸ್ಮರಣೆ, ಆದರೆ ತರಗತಿಯ ಬಹುಪಾಲು ಮಕ್ಕಳಿಗೆ ಉತ್ತರಿಸಲಾಗದಷ್ಟು ಕಠಿಣ. ಅದನ್ನು ಕೇಳಿ ಪ್ರಯೋಜನವೂ ಇಲ್ಲ. ಹಾಗಾಗಿ ಕಠಿಣತೆಯನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಈ ಪತ್ರಿಕೆಯಲ್ಲಿ ಸುಲಭಕ್ಕೆ 6, ಸಾಧಾರಣಕ್ಕೆ 10, ಕಠಿಣಕ್ಕೆ 4 ಅಂಕಗಳು. ಕಠಿಣವೆಂದು ಗುರುತಿಸಿದ್ದು ಮೇಲಿನ ಜೋಡಣೆಯ ಲೆಕ್ಕ ಮತ್ತು ವಿದ್ಯುತ್ ಪ್ರವಾಹದ ಸಾಲಿನ ಒಂದು ಅಂಕದ ತಿಳುವಳಿಕೆಯ ಪ್ರಶ್ನೆ. ಅದರಲ್ಲಿ ಒಂದು ಬಲ್ಬಿನ ಎರಡೂ ಬದಿಗೆ ಒಂದೊಂದು ಅಮ್ಮೀಟರ್ ಜೋಡಿಸಿದ ಸರಳ ಮಂಡಲದ ಚಿತ್ರವಿದೆ, ಮೊದಲನೆಯದು 0.5 ಆಂಪಿಯರ್ ತೋರಿಸಿದರೆ ಎರಡನೆಯದು ಎಷ್ಟು ತೋರಿಸುತ್ತದೆ ಎಂದು ಕೇಳಿದೆ. ಉತ್ತರ ಅಷ್ಟೇ, 0.5. ಬಲ್ಬು ಪ್ರವಾಹವನ್ನು ‘ತಿಂದುಹಾಕುತ್ತದೆ’ ಎಂಬ ಕಲ್ಪನೆ ಮಕ್ಕಳಲ್ಲಿ ಎಷ್ಟು ಆಳವಾಗಿದೆಯೆಂದರೆ, ಓಮ್‌ನ ನಿಯಮದ ಲೆಕ್ಕಗಳನ್ನು ಸರಾಗವಾಗಿ ಮಾಡುವವರೂ ಇಲ್ಲಿ ಕಡಿಮೆ ಅಂಕಿಯನ್ನೇ ಆರಿಸುತ್ತಾರೆ.

ಕೌಶಲದ ಎರಡು ಅಂಕಕ್ಕೆ ಎರಡು ರೋಧಕಗಳ ಸಮಾಂತರ ಜೋಡಣೆಯ ಮಂಡಲ ಚಿತ್ರವನ್ನು ಬರೆದು ಅಮ್ಮೀಟರ್ ಮತ್ತು ವೋಲ್ಟ್‌ಮೀಟರ್‌ಗಳನ್ನು ಸರಿಯಾದ ಜಾಗದಲ್ಲಿ ಗುರುತಿಸಲು ಕೇಳಿದೆ. ವಿದ್ಯುತ್ ಸಾಮರ್ಥ್ಯದ ಎರಡು ಅಂಕಕ್ಕೆ, 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯನ್ನು ದಿನಕ್ಕೆ ಅರ್ಧ ಗಂಟೆಯಂತೆ 30 ದಿನ ಬಳಸಿದರೆ ಯೂನಿಟ್‌ಗೆ 6 ರೂಪಾಯಿಯಂತೆ ಖರ್ಚೆಷ್ಟು ಎಂಬ ಲೆಕ್ಕ: 15 ಯೂನಿಟ್, 90 ರೂಪಾಯಿ. ದರವನ್ನು ಪ್ರಶ್ನೆಯಲ್ಲೇ ಕೊಡಬೇಕು, ಇಲ್ಲವಾದರೆ ಮನೆಯ ಬಿಲ್ಲನ್ನು ನೋಡಿದ ಮಗುವಿಗೆ ಒಂದು ಉತ್ತರ, ನೋಡದ ಮಗುವಿಗೆ ಇನ್ನೊಂದು ಬರುತ್ತದೆ.

ಆಯ್ಕೆ ಕೊಡುವ ಮುನ್ನ

‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂದು ಬರೆದರೆ ನೀಲನಕ್ಷೆಯ ಕೆಲಸ ಅಲ್ಲಿಗೆ ಮುಗಿಯಿತು. ತನಗೆ ಬಾರದ ವಿಷಯಾಂಶವನ್ನು ಬಿಟ್ಟು ಬರೆಯುವ ಅವಕಾಶ ಪ್ರತಿ ಮಗುವಿಗೂ ಸಿಗುವುದರಿಂದ, ನಲವತ್ತು ಮಕ್ಕಳು ನಲವತ್ತು ಬೇರೆ ಬೇರೆ ಪರೀಕ್ಷೆಗಳನ್ನು ಬರೆದಂತಾಗುತ್ತದೆ. ಆಯ್ಕೆ ಅನಿವಾರ್ಯವಾದರೆ ‘ಅಥವಾ’ ಎಂದು ಆಂತರಿಕ ಆಯ್ಕೆಯನ್ನು ಕೊಡಬಹುದು, ಆದರೆ ಎರಡೂ ಪ್ರಶ್ನೆಗಳು ಒಂದೇ ಚೌಕದಿಂದ ಬಂದಿರಬೇಕು, ಕಠಿಣತೆಯಲ್ಲೂ ಹತ್ತಿರವಿರಬೇಕು. ಸಣ್ಣ ಘಟಕ ಪರೀಕ್ಷೆಯಲ್ಲಿ ನಾನು ಆಯ್ಕೆಯನ್ನೇ ಕೊಡುವುದಿಲ್ಲ.

ತಿರುವುಮುರುವು ಪರಿಶೀಲನೆ

ಪತ್ರಿಕೆ ಸಿದ್ಧವಾದ ಮೇಲೆ ನೀಲನಕ್ಷೆಯನ್ನು ಮುಚ್ಚಿಟ್ಟು, ಅದೇ ವಿಷಯವನ್ನು ಬೋಧಿಸುವ ಸಹೋದ್ಯೋಗಿಯೊಬ್ಬರಿಗೆ ಪ್ರಶ್ನೆಪತ್ರಿಕೆಯನ್ನೂ ಒಂದು ಖಾಲಿ ಕೋಷ್ಟಕವನ್ನೂ ಕೊಡಿ. ಪ್ರತಿ ಪ್ರಶ್ನೆಯನ್ನು ಅವರಿಗೆ ಸರಿಕಂಡ ಚೌಕದಲ್ಲಿ ಹಾಕಲಿ. ನೀವು ತರಗತಿಯಲ್ಲಿ ಏನೇನು ಮಾಡಿಸಿದ್ದೀರಿ ಎಂಬುದನ್ನು ಅವರು ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರಿಸುವಾಗಲೇ ಎರಡು ಮೂರು ಪ್ರಶ್ನೆಗಳು ಸ್ಮರಣೆಗೆ ಜಾರಿದ್ದು ನಿಮಗೇ ಗೊತ್ತಾಗುತ್ತದೆ. ಇಬ್ಬರ ಕೋಷ್ಟಕಗಳಲ್ಲಿ ಒಂದೆರಡು ಅಂಕಗಳ ವ್ಯತ್ಯಾಸ ಸಹಜ. ನಾಲ್ಕೈದು ಅಂಕಗಳಷ್ಟು ವ್ಯತ್ಯಾಸವಿದ್ದರೆ ನೀಲನಕ್ಷೆಯನ್ನು ತಿದ್ದಬೇಡಿ, ಪ್ರಶ್ನೆಗಳನ್ನು ತಿದ್ದಿ. ಕೋಷ್ಟಕವನ್ನು ಪ್ರಶ್ನೆಗಳಿಗೆ ಹೊಂದಿಸಿಕೊಳ್ಳುವ ಹಳೆಯ ಚಾಳಿ ಮರಳಿ ಬರುವುದು ಈ ಹಂತದಲ್ಲಿಯೇ.

ಇದೇ ಹೊತ್ತಿನಲ್ಲಿ ಉತ್ತರ ಸೂಚಿಯನ್ನೂ ಹಂತವಾರು ಅಂಕಗಳೊಂದಿಗೆ ಬರೆದುಬಿಡಬೇಕು. ಜೋಡಣೆಯ ಲೆಕ್ಕದಲ್ಲಿ ಸಮಾಂತರ ರೋಧಕ್ಕೆ ಒಂದು, ಒಟ್ಟು ರೋಧಕ್ಕೆ ಒಂದು, ಪ್ರವಾಹಕ್ಕೆ ಒಂದು ಎಂದಿದ್ದರೆ, ಮೊದಲ ಹಂತದಲ್ಲಿ ತಪ್ಪಿದರೂ ಮುಂದಿನ ಕ್ರಮ ಸರಿಯಿರುವ ಮಗುವಿಗೆ ಎರಡು ಅಂಕ ಸಿಗುತ್ತದೆ. ಸೂತ್ರ ಬರೆದಿದ್ದಕ್ಕೇ ಒಂದು ಅಂಕವನ್ನು ಇಟ್ಟರೆ, ಅನ್ವಯದ ಮೂರು ಅಂಕಗಳಲ್ಲಿ ಒಂದು ಮತ್ತೆ ಸ್ಮರಣೆಯ ಪಾಲಾಗುತ್ತದೆ.

ಪರೀಕ್ಷೆಯ ನಂತರ

ಮೌಲ್ಯಮಾಪನ ಮುಗಿದ ಮೇಲೆ ಪ್ರತಿ ಪ್ರಶ್ನೆಗೂ ಎಷ್ಟು ಮಕ್ಕಳು ಪೂರ್ಣ ಅಂಕ, ಎಷ್ಟು ಮಕ್ಕಳು ಭಾಗಶಃ ಅಂಕ ಪಡೆದರು ಎಂದು ಎಣಿಸಿ ಅದೇ ಚೌಕಗಳಲ್ಲಿ ಬರೆದುಕೊಳ್ಳಿ. ಅಡ್ಡಸಾಲು ಪೂರ್ತಿ ಕುಸಿದಿದ್ದರೆ ಆ ವಿಷಯಾಂಶವನ್ನು ಮತ್ತೆ ಕಲಿಸಬೇಕು. ಸ್ಮರಣೆಯ ಕಂಬಸಾಲು ಚೆನ್ನಾಗಿದ್ದು ಅನ್ವಯದ್ದು ಎಲ್ಲ ಸಾಲುಗಳಲ್ಲೂ ಕುಸಿದಿದ್ದರೆ ತೊಂದರೆ ಇರುವುದು ಕಲಿಸಿದ ವಿಧಾನದಲ್ಲಿ. ಈ ಓದು ಇಡೀ ತರಗತಿಯ ಮಟ್ಟಿಗೆ ಮಾತ್ರ ನಿಲ್ಲುತ್ತದೆ. ಒಂದು ಚೌಕದಲ್ಲಿ ಒಂದೇ ಪ್ರಶ್ನೆ ಇರುವಾಗ, ಒಂದು ಮಗು ಅದನ್ನು ತಪ್ಪಿತೆಂದು ‘ಇವನಿಗೆ ಅನ್ವಯ ಬರುವುದಿಲ್ಲ’ ಎಂದು ಪ್ರಗತಿ ಪತ್ರದಲ್ಲಿ ಬರೆಯಲು ಆಧಾರ ಸಾಲದು.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಉತ್ತರಗಳನ್ನೂ ಎಣಿಸಬೇಕು. ಅಮ್ಮೀಟರ್ ಪ್ರಶ್ನೆಯನ್ನು ನಲವತ್ತರಲ್ಲಿ ಮೂವತ್ತು ಮಕ್ಕಳು ತಪ್ಪಿದ್ದಾರೆ ಎಂದುಕೊಳ್ಳೋಣ. ಮೂವತ್ತರಲ್ಲಿ ಹೆಚ್ಚಿನವರು ‘0.5ಕ್ಕಿಂತ ಕಡಿಮೆ’ ಎಂಬುದನ್ನೇ ಆರಿಸಿದ್ದರೆ ಆ ತಪ್ಪು ಕಲ್ಪನೆ ಹಾಗೆಯೇ ಇದೆ, ಮರುದಿನ ಪ್ರಯೋಗಾಲಯದಲ್ಲಿ ಎರಡು ಅಮ್ಮೀಟರ್‌ಗಳನ್ನು ಜೋಡಿಸಿ ತೋರಿಸಬೇಕು. ತಪ್ಪು ಉತ್ತರಗಳು ಮೂರೂ ಆಯ್ಕೆಗಳಿಗೆ ಸಮನಾಗಿ ಚದುರಿಹೋಗಿದ್ದರೆ ಮಕ್ಕಳು ಊಹಿಸಿ ಬರೆದಿರಬಹುದು, ಇಲ್ಲವೇ ಚಿತ್ರವೇ ಅವರಿಗೆ ಸ್ಪಷ್ಟವಾಗಿರಲಿಕ್ಕಿಲ್ಲ. ನಕಲು ಪ್ರತಿ ತೆಗೆದಾಗ ಅಮ್ಮೀಟರ್‌ನ ಗುರುತು ಮಾಸಿಹೋಗಿ ಬಲ್ಬಿನಂತೆ ಕಾಣಿಸಿದ್ದು ನನ್ನ ಪತ್ರಿಕೆಯಲ್ಲೇ ಒಮ್ಮೆ ಆಗಿದೆ. ಅಂತಹ ಪ್ರಶ್ನೆಯ ಅಂಕವನ್ನು ಎಲ್ಲರಿಗೂ ಕೊಟ್ಟು, ಆ ಚೌಕದ ಮುಂದೆ ‘ಅಳೆದಿಲ್ಲ’ ಎಂದು ಬರೆದಿಟ್ಟು, ಮುಂದಿನ ಕಿರುಪರೀಕ್ಷೆಯಲ್ಲಿ ಅದನ್ನೇ ಹೊಸ ಚಿತ್ರದೊಂದಿಗೆ ಕೇಳುತ್ತೇನೆ.